‘ಹೀಂಗ’ ಅಂದರೆ ಹೆಂಗ?

ನಮ್ಮ ತಾಯಿ ಗದಗಿನಲ್ಲಿರುತ್ತಾರೆ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಬಗೆಯ ಮೊಬೈಲು. ಮುಖ ಕಾಣುವ ಫೋನು ತಂದುಕೊಡುತ್ತೇವೆಂದರೆ, “ನನ್ನ ಮಾರಿ ನೋಡಿ ಏನ್ ಮಾಡ್ತೀರಿ, ಮಾತಾಡ್ರಿ ಸಾಕು” ಎಂದು ಬೇಡವೆನ್ನುತ್ತಾರೆ. ಹೋದ ವರ್ಷ ಒಂದು ಸಂಜೆ ನಮ್ಮ ಮಗಳು ಅವರೊಡನೆ ಮಾತನಾಡುತ್ತಿದ್ದಳು. ನಾಲ್ಕನೆಯ ಇಯತ್ತೆಯ ಹುಡುಗಿ. ಶಾಲೆಯಲ್ಲಿ ಕಾಗದದಿಂದ ತಾನು ಮಾಡಿದ ಆಕಾಶಬುಟ್ಟಿಯ ಸುದ್ದಿಯನ್ನು ಉತ್ಸಾಹದಿಂದ ಹೇಳುತ್ತಿದ್ದಳು.

“ಅಜ್ಜಿ, ಅದು ಮೇಲೆ ಹೀಂಗ ಇತ್ತು, ಕೆಳಗ ಹೀಂಗ ಬರ್ತದ, ಆಮೇಲೆ ಇಲ್ಲಿ ಹೀಂಗ ಹೀಂಗ ಅಂಟಿಸಿದೆ.”

ಫೋನನ್ನು ಕಿವಿ ಮತ್ತು ಭುಜಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಗಳಿಂದ ಗಾಳಿಯಲ್ಲಿ ಆ ಬುಟ್ಟಿಯನ್ನು ಬರೆದು ತೋರಿಸುತ್ತಿದ್ದಳು. ಆ ಕಡೆಯಿಂದ ನಮ್ಮ ತಾಯಿಯ ಧ್ವನಿ ನಮಗೂ ಕೇಳಿಸಿತು: “ಹೀಂಗ ಅಂದ್ರ ಹೆಂಗವಾ? ನನಗೇನ್ ಕಾಣಸ್ತೈತೇನ?”

ಹುಡುಗಿ ತಡವರಿಸಿದಳು. ಒಂದೆರಡು ಮರಾಠಿ ಶಬ್ದ ಹೇಳಿ ನೋಡಿದಳು. ಆಮೇಲೆ “ಚಲೋ ಇತ್ತು ಅಜ್ಜಿ” ಎಂದು ಹೇಳಿ ಫೋನನ್ನು ನಮ್ಮ ಕೈಗೆ ಕೊಟ್ಟು ಹೋಗಿಬಿಟ್ಟಳು.

ನಮಗೆ ಆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ, ಮಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂದು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ಬಂದವರು ನಾವು. ಆದರೆ ಮನೆಯ ಕನ್ನಡವೆಂದರೆ ಯಾವುದು? ಮರುದಿನ ಕಿವಿಗೊಟ್ಟು ಕೇಳಿದೆವು. “ಅದನ್ನು ಅಲ್ಲಿ ಇಡು”, “ಇದು ಹಾಗಲ್ಲ, ಹೀಗೆ”, “ಆ ಕಡೆಯದು ಕೊಡು.” ಅರ್ಧ ಮಾತು ನಾಲಗೆಯಲ್ಲಿ, ಅರ್ಧ ಬೆರಳ ತುದಿಯಲ್ಲಿ. ಊರಿನಲ್ಲಿ ಬೆಳೆದ ಮಗುವಿಗೆ ಮನೆಯ ಹೊರಗೆ ಅಂಗಡಿ, ಕಟ್ಟೆ, ಹೊಲ, ಶಾಲೆಗಳಲ್ಲಿ ಉಳಿದ ಅರ್ಧ ಮಾತು ಸಿಗುತ್ತದೆ. ಇಲ್ಲಿ ಬಾಗಿಲು ದಾಟಿದೊಡನೆ ಮರಾಠಿ, ಹಿಂದಿ, ಶಾಲೆಯ ಇಂಗ್ಲಿಷು. ಆ ಅರ್ಧ ಸಿಗುವುದೆಲ್ಲಿ?

ಖರಾಡಿ ಪುಣೆಯ ಪೂರ್ವಕ್ಕೆ, ನಗರ ರಸ್ತೆಯ ಬದಿಗೆ, ಮುಳಾ-ಮುಠಾ ನದಿಯ ದಂಡೆಯ ಮೇಲೆ ಇದ್ದ ಹಳ್ಳಿ. ಈಗ ಗಾಜಿನ ಕಟ್ಟಡಗಳ ಕಾಡು. ಕಂಪ್ಯೂಟರ್ ಕೆಲಸಕ್ಕೆ ಬಂದ ಕನ್ನಡಿಗರು ಇಲ್ಲಿ ಬಹಳ. ನಮ್ಮಂಥ ಸರಕಾರಿ ಗುಮಾಸ್ತರು ಬೆರಳೆಣಿಕೆಯಷ್ಟು. ನಾವಿರುವ ವಸತಿಯ ಕೆಳಗಿನ ಸಭಾಗೃಹದಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಮಕ್ಕಳಿಗೆ ಕನ್ನಡ ಕಲಿಸುವ ಒಂದು ಚಿಕ್ಕ ವರ್ಗ ನಡೆಯುತ್ತದೆ. ಬಿ. ಎ. ಕನ್ನಡ ಓದಿದವರು ಎಂಬ ಒಂದೇ ಅಪರಾಧಕ್ಕಾಗಿ ಅದರ ಹೊಣೆ ನಮ್ಮ ಕೊರಳಿಗೆ ಬಿದ್ದಿದೆ. ಹನ್ನೆರಡು ಮಕ್ಕಳು. ಕೆಲವರು ಧಾರವಾಡದ ಕಡೆಯವರು, ಕೆಲವರು ಕಲಬುರಗಿ, ಕೆಲವರು ಮೈಸೂರು.

ಒಬ್ಬರು ಚಿತ್ರ ನೋಡಿ ಬಾಯಿಂದ ಹೇಳುವುದು, ಜೊತೆಯವರು ಅದನ್ನು ನೋಡದೆ ಮಾತು ಕೇಳಿ ಬರೆಯುವುದು: ಈ ಅಭ್ಯಾಸ ಭಾಷಾಶಿಕ್ಷಕರಿಗೆ ಹೊಸದಲ್ಲ. ನಾವು ಅದನ್ನು ಇಬ್ಬರಿಬ್ಬರನ್ನು ಬೆನ್ನಿಗೆ ಬೆನ್ನು ತಾಗಿಸಿ ಕೂಡಿಸಿ ಮಾಡಿಸುತ್ತೇವೆ. ಹೇಳುವವರ ಕೈಯಲ್ಲಿ ಚಿತ್ರ, ಬರೆಯುವವರ ಮುಂದೆ ಬಿಳಿ ಹಾಳೆ ಮತ್ತು ಪೆನ್ಸಿಲು. ಹತ್ತು ನಿಮಿಷ. ಹೇಳುವವರು ಚಿತ್ರವನ್ನು ಎರಡೂ ಕೈಗಳಿಂದ ಹಿಡಿದಿರಬೇಕು. ಕೈ ಬಿಟ್ಟರೆ ಬೆರಳು ಮಾತಾಡತೊಡಗುತ್ತದೆ. ಬರೆಯುವವರು ಹೇಳದೆ ಇದ್ದುದನ್ನು ಬರೆಯಬಾರದು. ಮುಗಿದ ಮೇಲೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತೇವೆ. ಬೆಳಕಿನಲ್ಲಿ ಎರಡು ಚಿತ್ರಗಳೂ ಕೂಡಿ ಕಾಣುತ್ತವೆ; ಎಲ್ಲಿ ಅಗಲಿವೆಯೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಚಿತ್ರ ಸುಲಭವಿರಬೇಕು, ಆದರೆ ಪರಿಚಿತವಿರಬಾರದು. ಚೌಕಳಿ ಹಾಳೆ ಕೊಡಬಾರದು. ಗಣಿತದ ಪುಸ್ತಕದ ಹಾಳೆ ಕೊಟ್ಟು ನೋಡಿದಾಗ ಮಕ್ಕಳು “ಮೂರು ಮನೆ ಬಲಕ್ಕೆ, ಎರಡು ಮನೆ ಕೆಳಗೆ” ಎಂದು ಎಣಿಸಿ ಮುಗಿಸಿಬಿಟ್ಟರು. ಚಿತ್ರ ಸರಿಯಾಗಿ ಬಂದಿತು. ಒಂದು ಹೊಸ ಶಬ್ದವೂ ಬೇಕಾಗಲಿಲ್ಲ.

ಮೊದಲನೆಯ ದಿನ ನಾವೇ ಹೇಳುವವರಾದೆವು, ಹನ್ನೆರಡು ಮಕ್ಕಳೂ ಬರೆಯುವವರಾದರು. ಅವರಿಗೆ ಬೆನ್ನು ಮಾಡಿ ನಿಂತು, ಪ್ರಶ್ನೆ ಕೇಳಕೂಡದೆಂದು ಕಟ್ಟಪ್ಪಣೆ ಮಾಡಿ, ಗಂಭೀರವಾಗಿ ಹೇಳಿದೆವು: “ಹಾಳೆಯ ನಡುವೆ ಒಂದು ಚೌಕ. ಅದರ ಮೇಲೆ ಒಂದು ತ್ರಿಕೋನ. ಪಕ್ಕದಲ್ಲಿ ಒಂದು ಸಣ್ಣ ವೃತ್ತ. ಕೆಳಗೆ ಒಂದು ಸಣ್ಣ ಓರೆ ಗೆರೆ.” ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಪ್ಪುವುದುಂಟೇ ಎಂದು ನಮ್ಮ ನಂಬಿಕೆ.

ತಿರುಗಿ ನೋಡಿದರೆ ಹನ್ನೆರಡು ಹಾಳೆಗಳಲ್ಲಿ ಹನ್ನೆರಡು ಪ್ರಪಂಚ. ನಮ್ಮ ಚಿತ್ರದಲ್ಲಿ ತ್ರಿಕೋನವು ಚೌಕದಿಂದ ಒಂದು ಬೆರಳಗಲ ಎತ್ತರದಲ್ಲಿ, ಅದನ್ನು ಮುಟ್ಟದೆ, ನಿಂತಿತ್ತು. ಏಳು ಮಕ್ಕಳು ಅದನ್ನು ಚೌಕದ ತಲೆಗೆ ಅಂಟಿಸಿ ಮನೆ ಕಟ್ಟಿದ್ದರು. ಇಬ್ಬರು ಆ ಮನೆಗೆ ಬಾಗಿಲನ್ನೂ ಇಟ್ಟಿದ್ದರು! ಒಬ್ಬ ಹುಡುಗಿ ಚೌಕದ ಬದಲಿಗೆ ಒಂದನ್ನೊಂದು ಅಡ್ಡಹಾಯುವ ಎರಡು ಜೋಡಿ ಗೆರೆಗಳನ್ನು ಎಳೆದಿದ್ದಳು. “ಇದೇನಮ್ಮಾ?” ಎಂದರೆ, “ಚೌಕ, ಕಾಕಾ. ನಾಲ್ಕು ರಸ್ತೆ ಕೂಡ್ತಾವಲ್ಲ” ಎಂದಳು. ಪುಣೆಯಲ್ಲಿ ಹುಟ್ಟಿ ಬೆಳೆದವಳು. ಬಸ್ಸು ನಿಲ್ಲುವ ಪ್ರತಿಯೊಂದು ಚೌಕವೂ ಅವಳಿಗೆ ಗೊತ್ತು. ಮರಾಠಿ ಶಾಲೆಯಲ್ಲಿ ನಾಲ್ಕು ಬದಿ ಸಮನಾದ ಆಕೃತಿಗೆ ‘ಚೌರಸ’ವೆಂದು ಕಲಿಸಿದ್ದಾರೆ. ಅವಳದು ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ.

ಆದರೆ ಕಲಬುರಗಿಯ ಕಡೆಯ ಹತ್ತು ವರ್ಷದ ಒಬ್ಬ ಹುಡುಗನ ಹಾಳೆ ನೋಡಿ ನಮಗೆ ಸಿಟ್ಟು ಬಂದಿತು. ಅವನು ತ್ರಿಕೋನವನ್ನು ಚೌಕದ ಒಳಗಡೆ, ನಟ್ಟನಡುವೆ ಬರೆದಿದ್ದ. ಸ್ವಲ್ಪ ತುಂಟ ಹುಡುಗ. ಹಿಂದಿನ ವಾರವಷ್ಟೇ ಗಲಾಟೆ ಮಾಡಿದ್ದ. “ಮೇಲೆ ಅಂದರೆ ಒಳಗೆ ಬರೀತೀಯಾ? ಕಿವಿ ಎಲ್ಲಿಟ್ಟಿದ್ದೆ?” ಎಂದು ಎಲ್ಲರೆದುರು ಗದರಿಸಿದೆವು. ಹುಡುಗ ಕೆಂಪಾಗಿ, “ತಾಟು ಟೇಬಲ್ ಮೇಲೆ ಇರ್ತದಲ್ಲರಿ. ಮೇಲೆ ನಿಂತು ನೋಡಿದರ ಹಿಂಗೇ ಕಾಣ್ತದ” ಎಂದು ಗೊಣಗಿದ. ನಾವು ಕೇಳಿಸಿಕೊಳ್ಳಲಿಲ್ಲ. ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ.

ಆ ಹದಿನೈದು ದಿನ ಅವನ ಹಾಳೆ ನಮ್ಮ ಚೀಲದಲ್ಲೇ ಇತ್ತು. ಬಸ್ಸಿನಲ್ಲಿ ತೆಗೆದು ನೋಡಿದಷ್ಟೂ ಅವನೇ ಸರಿಯೆನಿಸಿತು. ಕನ್ನಡದ ‘ಮೇಲೆ’ ಎಂಬ ಶಬ್ದವು ಎಷ್ಟು ಕೆಲಸ ಮಾಡುತ್ತದೆ ನೋಡಿ. ಮೇಜಿನ ಮೇಲೆ ಪುಸ್ತಕ ಎಂದಾಗ ಪುಸ್ತಕ ಮೇಜನ್ನು ಮುಟ್ಟಿರುತ್ತದೆ. ತಲೆಯ ಮೇಲೆ ಆಕಾಶ ಎಂದಾಗ ಮುಟ್ಟಿರುವುದಿಲ್ಲ. ಗೋಡೆಯ ಮೇಲೆ ಹಲ್ಲಿ ಎಂದಾಗ ಹಲ್ಲಿ ಗೋಡೆಯ ತುದಿಯಲ್ಲಿ ಕುಳಿತಿಲ್ಲ, ಅದರ ಮೈಗೆ ಅಂಟಿಕೊಂಡಿದೆ. ಹುಡುಗನು ತ್ರಿಕೋನವನ್ನು ಬರೆದದ್ದು ಆ ಹಲ್ಲಿಯ ಲೆಕ್ಕದಲ್ಲಿ. ‘ನಡುವೆ’ ಎಂಬುದೂ ಹಾಗೆಯೇ: ಒಂದು ವಸ್ತುವಿನ ಮಧ್ಯಕ್ಕೂ ಅದೇ, ಎರಡು ವಸ್ತುಗಳ ಅಂತರಕ್ಕೂ ಅದೇ. ‘ಪಕ್ಕ’ವೆಂದರೆ ಯಾವ ಪಕ್ಕ? ‘ಸಣ್ಣ ಗೆರೆ’ ಎಂದಾಗ ಧಾರವಾಡದ ಮಕ್ಕಳು ಗಿಡ್ಡ ಗೆರೆ ಎಳೆದಿದ್ದರು. ಮೈಸೂರಿನ ಕಡೆಯ ಇಬ್ಬರು ಹಾಳೆಯ ಈ ತುದಿಯಿಂದ ಆ ತುದಿಗೆ, ಪೆನ್ಸಿಲಿನ ಮೊನೆ ಚೂಪು ಮಾಡಿಕೊಂಡು, ಕೂದಲಿನಷ್ಟು ತೆಳ್ಳಗಿನ ಗೆರೆ ಎಳೆದಿದ್ದರು. ಮನೆಯಲ್ಲಿ ಬಡಕಲಾದವರನ್ನು ‘ಸಣ್ಣ’ ಆಗಿದ್ದಾರೆ ಎನ್ನುವುದನ್ನು ಕೇಳಿದ ಮಕ್ಕಳು ಮತ್ತೇನು ಮಾಡಿಯಾರು?

ಈ ಶಬ್ದಗಳು ಕೆಟ್ಟವೆಂದಲ್ಲ. ಎದುರಿಗೆ ನಿಂತು ಮಾತನಾಡುವಾಗ ಕಣ್ಣೂ ಕೈಯೂ ಅವುಗಳ ಸಂದುಗಳನ್ನು ತುಂಬಿಬಿಡುತ್ತವೆ. ಬೆನ್ನು ತಿರುಗಿಸಿದಾಗ ಮಾತ್ರ ಸಂದು ಬಾಯಿ ಬಿಡುತ್ತದೆ.

ಮೂರನೆಯ ವಾರ ಹುಡುಗನ ಮನೆಗೆ ಹೋದೆವು. ಅವನ ತಾಯಿ ಚಹ ಕೊಟ್ಟು, “ನಿಮ್ಮ ವರ್ಗದಾಗ ನನಗ ಕನ್ನಡ ಬರಂಗಿಲ್ಲ ಅಂದಾರ ಅಂತಾನ್ರಿ” ಎಂದರು. ನಾವು ಹಾಗೆ ಅಂದಿರಲಿಲ್ಲ. ಆದರೆ ಅವನಿಗೆ ಕೇಳಿಸಿದ್ದು ಅದು. ಹುಡುಗನಿಗೆ, “ತಪ್ಪು ನಿನ್ನದಲ್ಲಪ್ಪ, ನಮ್ಮ ಮಾತಿನದು. ಈ ಭಾನುವಾರ ನೀನು ಹೇಳು, ನಾವು ಬರೆಯುತ್ತೇವೆ” ಎಂದೆವು. ಬಂದ. ಬೆನ್ನು ತಿರುಗಿಸಿ ನಿಂತು ಅವನು ಹೇಳಿದ್ದನ್ನು ನಾವು ಹಲಗೆಯ ಮೇಲೆ ಬರೆದೆವು. ಅವನು “ಬುಡಕ ಒಂದು ಗುಂಡು” ಎಂದ. ನಾವು ಆಕೃತಿಯ ಕೆಳತುದಿಯಲ್ಲೇ ಗುಂಡು ಸುತ್ತಿದೆವು. ಅವನ ಚಿತ್ರದಲ್ಲಿ ಅದು ಬಹಳ ಕೆಳಗೆ, ಹಾಳೆಯ ಅಂಚಿಗೆ ಇತ್ತು. ಕಿಟಕಿಯವರೆಗೆ ಹೋಗುವ ಮೊದಲೇ ಮಕ್ಕಳೆಲ್ಲ ನಕ್ಕುಬಿಟ್ಟರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವನು.

ಆಮೇಲೆ ಅದೇ ಮೊದಲ ಚಿತ್ರವನ್ನು ಎಲ್ಲರೂ ಸೇರಿ ಮತ್ತೆ ಹೇಳಲು ಕುಳಿತೆವು. ಒಂದು ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ನಿಂತದ್ದು ಹೀಗೆ: “ಹಾಳೆಯನ್ನು ಉದ್ದ ಬದಿ ನೆಟ್ಟಗೆ ನಿಲ್ಲುವಂತೆ ಇಟ್ಟುಕೋ. ಹಾಳೆಯ ಮಧ್ಯದಲ್ಲಿ ನಾಲ್ಕೂ ಬದಿ ಸಮನಾದ ಒಂದು ಪೆಟ್ಟಿಗೆ ಬರೆ. ಒಂದು ಬದಿ ನಿನ್ನ ಕಿರುಬೆರಳಿನಷ್ಟು ಉದ್ದ. ಪೆಟ್ಟಿಗೆಯ ಮೇಲಿನ ಗೆರೆಯಿಂದ ಒಂದು ಬೆರಳಗಲ ಜಾಗ ಬಿಟ್ಟು, ಅದನ್ನು ಮುಟ್ಟದಂತೆ, ಮೂರು ಮೂಲೆಯ ಆಕೃತಿ; ಅದರ ತಳದ ಗೆರೆ ಪೆಟ್ಟಿಗೆಯ ಬದಿಯಷ್ಟೇ ಉದ್ದ, ಚೂಪು ತುದಿ ಮೇಲಕ್ಕೆ.” ಮಕ್ಕಳೇ ಕಂಡುಕೊಂಡ ಕ್ರಮ ಇದು. ಮೊದಲು ಹಾಳೆ, ಆಮೇಲೆ ಮೊದಲ ಆಕೃತಿ, ಆಮೇಲೆ ಪ್ರತಿಯೊಂದನ್ನೂ ಆಗಲೇ ಬರೆದಾದ ಒಂದಕ್ಕೆ ಅಳತೆ ಹಿಡಿದು ಹೇಳುವುದು. ಎಲ್ಲಕ್ಕಿಂತ ಹೆಚ್ಚಾಗಿ, ಮುಟ್ಟಿದೆಯೋ ಇಲ್ಲವೋ ಎಂಬುದನ್ನು ಬಿಡದೆ ಹೇಳುವುದು. ಗಾಜಿನ ಮುಂದೆ ಹಿಡಿದಾಗ ಅತಿ ಹೆಚ್ಚು ತಪ್ಪು ಕಂಡದ್ದು ಅಲ್ಲಿಯೇ.

“ಮನೆಯಂತೆ ಇದೆ” ಎಂದು ಒಂದೇ ಮಾತಿನಲ್ಲಿ ಹೇಳಿದರೆ ಆಗದೇ ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇಡೀ ಚಿತ್ರಕ್ಕೆ ಒಂದು ಹೆಸರು ಸಿಕ್ಕರೆ ಬರೆಯುವವನಿಗೆ ದಿಕ್ಕು ಸಿಗುತ್ತದೆ, ನಿಜ. ಆದರೆ ಹೆಸರು ಕೇಳಿದೊಡನೆ ಅವನು ನಮ್ಮ ಮನೆಯನ್ನು ಬಿಟ್ಟು ತನ್ನ ಮನೆಯನ್ನು ಬರೆಯತೊಡಗುತ್ತಾನೆ. ಆ ಇಬ್ಬರು ಮಕ್ಕಳ ಬಾಗಿಲು ಬಂದದ್ದು ಹಾಗೆ. ಆದ್ದರಿಂದ ಹೆಸರು ಹೇಳಿದರೆ, ಅದರ ಬೆನ್ನಿಗೇ “ಆದರೆ ಬಾಗಿಲಿಲ್ಲ, ಮಾಡು ಗೋಡೆಗೆ ತಾಗಿಲ್ಲ” ಎಂದು, ಎಲ್ಲಿ ಅದು ಮನೆಯಲ್ಲವೆಂಬುದನ್ನೂ ಹೇಳಬೇಕು.

ಎಡ ಬಲಗಳ ತೊಡಕು ಬೇರೆ. ಬೆನ್ನಿಗೆ ಬೆನ್ನು ಕೊಟ್ಟು ಕುಳಿತಾಗ ಒಬ್ಬನ ಬಲಗೈ ಇರುವ ಕಡೆ ಇನ್ನೊಬ್ಬನ ಎಡಗೈ. ಹಾಳೆಯ ಬಲ ಎಂದರೆ ಸಾಕು, ತೊಡಕಿಲ್ಲ. ಆದರೆ ಚಿತ್ರದಲ್ಲಿ ನಮ್ಮತ್ತ ಮುಖ ಮಾಡಿದ ಮನುಷ್ಯನಿದ್ದರೆ, ಅವನ ಬಲಗೈಯ ಕೊಡೆ ಹಾಳೆಯ ಎಡಕ್ಕಿರುತ್ತದೆ. ನಮ್ಮ ಕಡೆ ಜಮೀನಿನ ಪತ್ರ ಬರೆಯುವವರು ಇದನ್ನು ಎಂದೋ ಬಲ್ಲರು. ಚಕ್ಕುಬಂದಿಯಲ್ಲಿ ಎಡ, ಬಲ, ಮುಂದೆ, ಹಿಂದೆ ಎಂಬ ಮಾತನ್ನು ನಂಬಿ ಕೂಡುವುದಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ಇಂಥದು. ಯಾವ ಕಡೆ ಮುಖ ಮಾಡಿ ನಿಂತು ಓದಿದರೂ ಪೂರ್ವ ಪೂರ್ವವೇ.

ಪ್ರಶ್ನೆ ಕೇಳಲು ಬಿಟ್ಟರೆ ಏನಾಗುತ್ತದೆಂಬುದನ್ನು 1951ರಲ್ಲಿಯೇ ಅಮೆರಿಕದ ಹೆರಾಲ್ಡ್ ಲೆವಿಟ್, ರೊನಾಲ್ಡ್ ಮ್ಯೂಲರ್ ಎಂಬಿಬ್ಬರು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಜೋಡಿಸಿಟ್ಟ ಆಯತಗಳ ಚಿತ್ರವನ್ನು ಒಬ್ಬರು ವರ್ಣಿಸುವುದು, ವಿದ್ಯಾರ್ಥಿಗಳು ಬರೆಯುವುದು. ಒಮ್ಮೆ ಹೇಳುವವರು ಹಲಗೆಯ ಮರೆಯಲ್ಲಿ. ಒಮ್ಮೆ ಎದುರಿಗೆ ಆದರೆ ಮಾತಿಲ್ಲದೆ. ಒಮ್ಮೆ ಹೌದು ಅಲ್ಲ ಎಂಬಷ್ಟೇ ಉತ್ತರ. ಒಮ್ಮೆ ಪ್ರಶ್ನೆಗೆ ಪೂರ್ಣ ಸ್ವಾತಂತ್ರ್ಯ. ಸ್ವಾತಂತ್ರ್ಯ ಹೆಚ್ಚಿದಂತೆಲ್ಲ ಚಿತ್ರ ಸರಿಯಾಯಿತು, ಬರೆದವರಿಗೆ ತಮ್ಮ ಮೇಲೆ ನಂಬಿಕೆಯೂ ಬೆಳೆಯಿತು. ವೇಳೆ ಮಾತ್ರ ಹೆಚ್ಚು ಹಿಡಿಯಿತು. ಪ್ರಶ್ನೆಗೆ ಎಡೆಯಿಲ್ಲದಾಗ ಕೇಳುವವರಿಗೆ ಹೇಳುವವರ ಮೇಲೆ ಸಿಟ್ಟು ಬರುತ್ತಿತ್ತೆಂದೂ ಬರೆದಿದ್ದಾರೆ. ಅದನ್ನು ಓದಿದಾಗ ನಮಗೆ ಕಲಬುರಗಿಯ ಹುಡುಗನ ಕೆಂಪು ಮುಖ ನೆನಪಾಯಿತು.

ನಮ್ಮಲ್ಲಿಯೂ ಪ್ರಶ್ನೆಗೆ ಬಿಟ್ಟಾಗ ಹತ್ತು ನಿಮಿಷದ ಚಿತ್ರಕ್ಕೆ ಇಪ್ಪತ್ತು ನಿಮಿಷ ಬೇಕಾಯಿತು. ಆದರೆ “ಮುಟ್ಟೇದೋ ಇಲ್ಲೋ?”, “ಅಂಚಿಗೋ ಮೂಲೆಗೋ?” ಎಂದು ಮಕ್ಕಳ ಬಾಯಲ್ಲಿ ಶಬ್ದಗಳು ತಾವಾಗಿ ಬರತೊಡಗಿದವು. ತುದಿ, ಅಂಚು, ಮೂಲೆ, ಓರೆ, ನೇರ, ತಳ, ಸುತ್ತಳತೆ. ಪಾಠ ಮಾಡಿ ಕಲಿಸಿದ್ದರೆ ಮುಂದಿನ ವಾರಕ್ಕೆ ಮರೆಯುತ್ತಿದ್ದ ಶಬ್ದಗಳು.

ಒಂದು ಎಚ್ಚರಿಕೆ. ಒಂದೇ ಜೋಡಿಯನ್ನು ಬಹಳ ವಾರ ಕೂಡಿಸಬಾರದು. ಇಬ್ಬರು ಅಣ್ಣತಮ್ಮಂದಿರನ್ನು ನಾಲ್ಕು ವಾರ ಜೊತೆಗೆ ಬಿಟ್ಟೆವು. ನಾಲ್ಕನೆಯ ವಾರ ಅವರ ಚಿತ್ರ ಎಲ್ಲರಿಗಿಂತ ಚೆನ್ನಾಗಿ, ಎಲ್ಲರಿಗಿಂತ ಬೇಗ ಬಂದಿತು. ಅಣ್ಣ ಹೇಳಿದ್ದು ಏನು? “ಹೋದ ಸಲದ ಗೂಬೆ, ಅದರ ಬಾಲ ಈ ಸಲ ಉಲ್ಟಾ.” ಗೂಬೆಯೂ ಇಲ್ಲ, ಬಾಲವೂ ಇಲ್ಲ, ಅವರಿಬ್ಬರ ಗುಟ್ಟು ಭಾಷೆ. 1986ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಡೀನಾ ವಿಲ್ಕ್ಸ್-ಗಿಬ್ಸ್ ಎಂಬ ಸಂಶೋಧಕರು ಬರೆಯಿಸುವ ಬದಲು ವಿಚಿತ್ರಾಕಾರದ ಹನ್ನೆರಡು ಚಿತ್ರಗಳನ್ನು ಮಾತಿನಿಂದಲೇ ಸರದಿಗೆ ಜೋಡಿಸಲು ಕೊಟ್ಟಿದ್ದರು. ಮೊದಲ ಸುತ್ತಿನಲ್ಲಿ ಒಂದೊಂದು ಚಿತ್ರಕ್ಕೆ ಹೇಳುವವರು ಸರಾಸರಿ ಸುಮಾರು 41 ಶಬ್ದ ಬಳಸಿದರು; ಆರನೆಯ ಸುತ್ತಿಗೆ ಎಂಟೇ ಸಾಕಾದವು. ಒಂದೇ ಮನೆಯವರ ಮಾತು ಹೀಗೆಯೇ ಸವೆದು ಸಣ್ಣದಾಗುತ್ತದೆ, ಸುಖವೂ ಹೌದು. ಆದರೆ ನಮ್ಮ ಮಕ್ಕಳಿಗೆ ಆ ಎಂಟು ಶಬ್ದದ ಕನ್ನಡ ಮಾತ್ರ ಗೊತ್ತಿದೆ, ನಲವತ್ತೊಂದರದು ಗೊತ್ತಿಲ್ಲ ಎಂಬುದು ನಮ್ಮ ಚಿಂತೆ. ಅಂದಿನಿಂದ ಪ್ರತಿ ವಾರ ಜೋಡಿ ಬದಲಾಯಿಸುತ್ತೇವೆ. ಧಾರವಾಡಕ್ಕೆ ಮೈಸೂರು, ಮೈಸೂರಿಗೆ ಕಲಬುರಗಿ.

ಈ ಸುದ್ದಿಯನ್ನೆಲ್ಲ ನಮ್ಮ ತಾಯಿಗೆ ಫೋನಿನಲ್ಲಿ ಹೇಳಿದಾಗ ಅವರು ಅಷ್ಟೇನೂ ಬೆರಗಾಗಲಿಲ್ಲ. “ನಾವು ರಂಗೋಲಿ ಕಲ್ತದ್ದು ಹಂಗ ಅಲ್ಲೇನು? ಆಕೀನ್ನ ಕರಿ” ಎಂದರು. ಮಗಳು ಹಾಳೆ ಪೆನ್ಸಿಲು ತಂದು ಕುಳಿತಳು.

“ನಡುವ ಸಾಲಾಗಿ ಏಳು ಚುಕ್ಕಿ ಇಡು. ಅದರ ಮ್ಯಾಲ ಆರು, ಆಮ್ಯಾಲ ಐದು, ಆಮ್ಯಾಲ ನಾಕು. ಕೆಳಗೂ ಹಂಗ, ಆರು ಐದು ನಾಕು.”

ಹುಡುಗಿ ಇಟ್ಟಳು. ಏಳು ಚುಕ್ಕಿಯ ಮೊದಲಿನದರ ಮೇಲೆ ನೇರವಾಗಿ ಆರರ ಮೊದಲಿನದು. ಹೀಗೆ ಎಡಗಡೆಯೆಲ್ಲ ಗೋಡೆಯಂತೆ ನೇರ, ಬಲಗಡೆ ಮೆಟ್ಟಿಲು ಮೆಟ್ಟಿಲು. ಲೆಕ್ಕ ಸರಿ, ಆಕಾರ ಸೊಟ್ಟ. ನಾವು ಹೇಳಲು ಬಾಯಿ ತೆರೆದೆವು. ಮನೆಯವರು ಕಣ್ಣಿನಿಂದ ಸುಮ್ಮನಿರಿಸಿದರು.

“ಇಟ್ಟೀ? ಏಳರ ಸಾಲಿನ್ಯಾಗ ಮೊದಲನೇ ಚುಕ್ಕಿ ನೆತ್ತಿ ಮ್ಯಾಲ ಏನೈತಿ?”

“ಚುಕ್ಕಿ ಐತಿ ಅಜ್ಜಿ.”

“ಕೊನೀದರ ನೆತ್ತಿ ಮ್ಯಾಲ?”

“ಏನೂ ಇಲ್ಲ.”

“ತಪ್ಪಿತು. ಎರಡೂ ತುದೀ ನೆತ್ತಿ ಖಾಲಿ ಇರಬೇಕು. ಮ್ಯಾಲಿನ ಚುಕ್ಕಿ ಕೆಳಗಿನ ಎರಡು ಚುಕ್ಕಿ ಸಂದಿನ್ಯಾಗ ಕೂಡಬೇಕು. ಅಳಿಸಿ ಇಡು.”

ಇನ್ನೂರು ಮೈಲಿಗೂ ಹೆಚ್ಚು ದೂರದಿಂದ, ಹಾಳೆಯನ್ನು ಕಣ್ಣಿನಿಂದ ನೋಡದೆ, ಎರಡು ಪ್ರಶ್ನೆಗಳಲ್ಲಿ ತಪ್ಪಿನ ಜಾಗ ಹಿಡಿದರು. ಅಳಿಸಿ ಇಟ್ಟಾಗ ಹಾಳೆಯ ಮೇಲೆ ಆರು ಬದಿಯ ಆಕೃತಿ, ಬದಿಗೆ ನಾಲ್ಕು ನಾಲ್ಕು ಚುಕ್ಕಿ. “ಎಷ್ಟಾದವು ಎಣಿಸು” ಎಂದರು. ಮೂವತ್ತೇಳು. “ಹಾಂ, ಈಗ ಗೆರಿ ಹೇಳ್ತೀನಿ.”

ಈಗ ಅದು ವಾರದ ವಾಡಿಕೆಯಾಗಿದೆ. ಹೋದ ಶನಿವಾರ ಮಗಳು ತಾನೇ ಒಂದು ರಂಗೋಲಿ ಹೂಡಿ ಅಜ್ಜಿಗೆ ಹೇಳಲು ಕುಳಿತಳು. ಫೋನು ಮೇಜಿನ ಮೇಲೆ, ಹಾಳೆ ಎರಡೂ ಕೈಯಲ್ಲಿ.

“ನಡುವೆ ಏಳು. ಅದರ ಮೇಲಿನ ಸಾಲು ಐದು. ಇದು ಸಂದಿನ್ಯಾಗ ಅಲ್ಲ ಅಜ್ಜಿ, ನೇರ. ಎರಡೂ ತುದಿ ಒಂದೊಂದು ಬಿಟ್ಟು ನಡುವಿನ ಐದರ ನೆತ್ತಿ ಮೇಲೆ. ಆಮೇಲೆ ಮೂರು, ಆಮೇಲೆ ಒಂದು. ಕೆಳಗೂ ಹಂಗ. ಎಷ್ಟಾದವು ಎಣಿಸಿ ಹೇಳು.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಇಪ್ಪತ್ನಾಕು” ಎಂದು ಕೇಳಿಸಿತು.

“ಇಪ್ಪತ್ತೈದು ಆಗಬೇಕು ಅಜ್ಜಿ. ಕೆಳಗಿನ ತುದೀದು ಬಿಟ್ಟೀಯೇನು, ನೋಡು.”